ಸಂಗೀತ–ನೃತ್ಯ ಶಾಲೆಯ ಪ್ರವೇಶಾತಿ ರೀಲ್: ಸ್ಕ್ರಿಪ್ಟ್ ಬರೆಯುವ ಕ್ರಮ

ವಿಜಯದಶಮಿ ಹತ್ತಿರವಾದಂತೆ, ಮತ್ತೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಸಂಗೀತ ಮತ್ತು ನೃತ್ಯ ಶಾಲೆಗಳನ್ನು ನಡೆಸುವವರಿಂದ ಒಂದೇ ಪ್ರಶ್ನೆ ಮರಳಿ ಮರಳಿ ಬರುತ್ತದೆ: ಹೊಸ ಮಕ್ಕಳ ಪ್ರವೇಶಕ್ಕಾಗಿ ಒಂದು ರೀಲ್ ಮಾಡಬೇಕು, ಅದರಲ್ಲಿ ತರಗತಿಗಳ ಹಂತ, ಸಮಯ ಮತ್ತು ವಿದ್ಯಾರ್ಥಿಗಳ ಪ್ರದರ್ಶನ ಮೂರೂ ಇರಬೇಕು, ಸ್ಕ್ರಿಪ್ಟ್ ಹೇಗೆ ಬರೆಯುವುದು? ಈ ಲೇಖನದಲ್ಲಿ ಕರ್ನಾಟಕ ಸಂಗೀತ ಮತ್ತು ಭರತನಾಟ್ಯ ಎರಡನ್ನೂ ಕಲಿಸುವ, ಎರಡು ಕೋಣೆಗಳ, ಬಡಾವಣೆಯ ಮಟ್ಟದ ಒಂದು ಶಾಲೆಯನ್ನು ಮಾದರಿಯಾಗಿ ಇಟ್ಟುಕೊಂಡು 49 ಸೆಕೆಂಡುಗಳ ಪೂರ್ಣ ಸ್ಕ್ರಿಪ್ಟ್ ಕಟ್ಟಿದ್ದೇನೆ. ಹಿಂದೂಸ್ತಾನಿ ಅಥವಾ ಕಥಕ್ ಕಲಿಸುವವರು ಪಾಠದ ಹೆಸರುಗಳನ್ನು ಬದಲಿಸಿಕೊಂಡರೆ ಇದೇ ಕ್ರಮ ಅವರಿಗೂ ಹೊಂದುತ್ತದೆ.

ಬರೆಯಲು ಕೂರುವ ಮೊದಲು ನಾಲ್ಕು ವಸ್ತುಗಳು ಕೈಯಲ್ಲಿರಲಿ: ಈ ವರ್ಷದ ಖಚಿತವಾದ ವೇಳಾಪಟ್ಟಿ, ಪ್ರತಿ ಹಂತದಲ್ಲಿ ಖಾಲಿ ಇರುವ ಸ್ಥಾನಗಳ ಲೆಕ್ಕ, ಕ್ಯಾಮೆರಾ ಎದುರು ಬರುವ ಮಕ್ಕಳ ಪೋಷಕರ ಲಿಖಿತ ಒಪ್ಪಿಗೆ ಮತ್ತು ಸೆಕೆಂಡ್ ತೋರಿಸುವ ಗಡಿಯಾರ. ಒಪ್ಪಿಗೆಯನ್ನು ಚಿತ್ರೀಕರಣ ಮುಗಿದ ಮೇಲೆ ಕೇಳಿದರಾಯಿತು ಎಂದು ಮುಂದೂಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಆದ್ದರಿಂದ ಹತ್ತನೇ ತರಗತಿಯ ಹುಡುಗಿ ತಾನೇ ಒಪ್ಪಿದ್ದಾಳೆ ಎಂಬುದು ಸಾಲುವುದಿಲ್ಲ. ಒಪ್ಪಿಗೆಯ ಚೀಟಿಯಲ್ಲಿ ರೀಲ್ ಯಾವ ಖಾತೆಯಲ್ಲಿ ಬರುತ್ತದೆ, ಹಣ ಕೊಟ್ಟು ಜಾಹೀರಾತಾಗಿಯೂ ಓಡಿಸುತ್ತೀರಾ, ಪೋಷಕರು ಮುಂದೆ ಬೇಡವೆಂದರೆ ತೆಗೆಯುತ್ತೀರಾ ಎಂಬ ಮೂರು ಸಂಗತಿಗಳು ಸ್ಪಷ್ಟವಾಗಿ ಇರಬೇಕು. ಮಗುವಿನ ಪೂರ್ಣ ಹೆಸರು, ಕಲಿಯುವ ಶಾಲೆಯ ಸಮವಸ್ತ್ರ ಅಥವಾ ಬ್ಯಾಡ್ಜ್ ಯಾವ ಚೌಕಟ್ಟಿನಲ್ಲೂ ಕಾಣಬಾರದು.

1. ರೀಲ್ ಯಾರಿಗೆ ಉತ್ತರ ಕೊಡುತ್ತಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಪ್ರವೇಶಾತಿ ರೀಲನ್ನು ನೋಡುವವರಲ್ಲಿ ಹೆಚ್ಚಿನವರು ಆರರಿಂದ ಹತ್ತು ವರ್ಷದೊಳಗಿನ ಮಕ್ಕಳ ತಂದೆ ತಾಯಂದಿರು. ಅವರಿಗೆ ತಿಳಿಯಬೇಕಾದದ್ದು ಇಷ್ಟೇ: ನನ್ನ ಮಗು ಯಾವ ತರಗತಿಗೆ ಸೇರುತ್ತದೆ, ವಾರದಲ್ಲಿ ಯಾವ ದಿನ ಎಷ್ಟು ಹೊತ್ತಿಗೆ ಕರೆತರಬೇಕು, ಕೆಲವು ವರ್ಷ ಬಂದರೆ ಏನು ಕಲಿತಿರುತ್ತದೆ. ಈ ಮೂರಕ್ಕೆ ಸೇರದ ಎಲ್ಲವೂ, ಶಾಲೆ ಸ್ಥಾಪನೆಯಾದ ವರ್ಷ, ಗುರುಗಳ ಪ್ರಶಸ್ತಿಗಳು, ಸಭಾಂಗಣದ ಉದ್ಘಾಟನೆಯ ಚಿತ್ರ, ಬೇರೊಂದು ರೀಲಿಗೆ ಹೋಗಲಿ. ಗುರುಗಳ ಸಾಧನೆಯನ್ನು ಬಿಡುವುದು ಅಗೌರವವೆಂದು ಅನೇಕರು ಹಿಂಜರಿಯುತ್ತಾರೆ. ಆದರೆ ಮಗುವಿನ ಕೈ ಹಿಡಿದು ತಾಳ ಹಾಕಿಸುತ್ತಿರುವ ಗುರುವಿನ ಎರಡು ಸೆಕೆಂಡ್ ದೃಶ್ಯದಿಂದ ಪೋಷಕರಿಗೆ ಆ ಗುರುವಿನ ಬಗ್ಗೆ ತಿಳಿಯುವಷ್ಟು ಸಂಗತಿ ಪ್ರಶಸ್ತಿಗಳ ಪಟ್ಟಿಯಿಂದ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

2. ಹಂತಗಳನ್ನು ಹೆಸರಿನಿಂದಲ್ಲ, ಪಾಠದಿಂದ ತೋರಿಸಿ

ಪ್ರಾರಂಭಿಕ, ಜೂನಿಯರ್, ಸೀನಿಯರ್, ವಿದ್ವತ್ ಎಂದು ನಾಲ್ಕು ಪದಗಳನ್ನು ಪರದೆಯ ಮೇಲೆ ಓಡಿಸಿದರೆ ಕಲೆಯ ಪರಿಚಯವಿಲ್ಲದ ಮನೆಯವರಿಗೆ ಏನೂ ಅರ್ಥವಾಗುವುದಿಲ್ಲ. ಜೂನಿಯರ್ ಎಂದರೆ ಚಿಕ್ಕ ಮಕ್ಕಳ ತರಗತಿ ಎಂದು ತಿಳಿದು, ಆರು ವರ್ಷದ ಮಗುವನ್ನು ಅದಕ್ಕೇ ಸೇರಿಸಿಕೊಳ್ಳಿ ಎಂದು ಕೇಳುವವರು ಬಹಳ. ಇಲ್ಲಿ ಜೂನಿಯರ್, ಸೀನಿಯರ್ ಎಂಬುವು ನಮ್ಮ ರಾಜ್ಯದ ಸಂಗೀತ–ನೃತ್ಯ ಪರೀಕ್ಷೆಗಳ ಹೆಸರುಗಳು ಮತ್ತು ಜೂನಿಯರ್ ಪರೀಕ್ಷೆಗೆ ಕೂರುವ ಮೊದಲೇ ಕೆಲವು ವರ್ಷಗಳ ಪಾಠ ಆಗಿರಬೇಕು ಎಂಬುದನ್ನು ರೀಲ್ ತಾನಾಗಿಯೇ ತೋರಿಸಿಕೊಡಬೇಕು.

ಅದಕ್ಕೆ ಪ್ರತಿ ಹಂತಕ್ಕೂ ಒಂದೊಂದು ದೃಶ್ಯವನ್ನು ಆರಿಸಿಕೊಳ್ಳಿ. ಸಂಗೀತದಲ್ಲಿ ಮೊದಲ ವರ್ಷದ ಮಗು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಹಾಡುತ್ತದೆ. ಸರಳೆ ವರಸೆ ಎಂದರೆ ಏಳು ಸ್ವರಗಳನ್ನು ಏರಿಕೆ ಇಳಿಕೆಯಲ್ಲಿ ಅಭ್ಯಾಸ ಮಾಡುವ ಮೊಟ್ಟಮೊದಲ ಪಾಠ. ಒಂದೊಂದು ಸ್ವರವನ್ನು ಎರಡೆರಡು ಬಾರಿ ಹಿಡಿಯುವುದು ಜಂಟಿ ವರಸೆ. ಏಳು ತಾಳಗಳಲ್ಲಿ ಸ್ವರಗಳನ್ನು ಕೂರಿಸುವುದು ಅಲಂಕಾರ. ನಂತರ ಗೀತೆ, ಸ್ವರಜತಿ, ವರ್ಣ, ಕೀರ್ತನೆ ಎಂದು ಪಾಠ ಬೆಳೆಯುತ್ತದೆ. ಪ್ರಾರಂಭಿಕ ಹಂತಕ್ಕೆ ನಾನು ಸೂಚಿಸುವ ದೃಶ್ಯ ಹಾಡುವ ಮುಖವಲ್ಲ, ತೊಡೆಯ ಮೇಲೆ ಆದಿತಾಳ ಹಾಕುವ ಪುಟ್ಟ ಕೈ. ಮೊದಲು ಒಂದು ಪೆಟ್ಟು, ಆಮೇಲೆ ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಕೊನೆಗೆ ಪೆಟ್ಟು–ತಿರುಗಿಸುವಿಕೆ ಎರಡು ಸಲ, ಒಟ್ಟು ಎಂಟು ಅಕ್ಷರ. ಪೋಷಕರಿಗೆ ತಾಳದ ಹೆಸರು ಗೊತ್ತಿಲ್ಲದಿದ್ದರೂ ಎಣಿಕೆ ಕಣ್ಣಿಗೆ ಕಾಣುತ್ತದೆ, ಮಗುವಿನ ಮುಖವೂ ಹೊರಗೆ ಬೀಳುವುದಿಲ್ಲ.

ನೃತ್ಯದಲ್ಲಿ ಮೊದಲ ವರ್ಷವೆಂದರೆ ಅಡವುಗಳು, ಅಂದರೆ ಕಾಲು, ಕೈ, ದೃಷ್ಟಿ ಒಟ್ಟಾಗಿ ಸಾಗುವ ಮೂಲ ಚಲನೆಯ ಘಟಕಗಳು. ಮಂಡಿಗಳನ್ನು ಹೊರಕ್ಕೆ ತಿರುಗಿಸಿ ಅರ್ಧ ಕುಳಿತ ಅರೆಮಂಡಿಯ ನಿಲುವಿನಲ್ಲಿ ಮೂವರು ಮಕ್ಕಳು ತಟ್ಟಡವು ಹಾಕುತ್ತಿರುವ ದೃಶ್ಯ ಸಾಕು. ಮುಂದಿನ ಹಂತಗಳಿಗೆ ಅಲರಿಪು, ಜತಿಸ್ವರ, ಶಬ್ದ, ವರ್ಣ ಎಂದು ನೃತ್ಯಬಂಧಗಳ ಸಾಲೇ ಇದೆ. ಎಲ್ಲವನ್ನೂ ತೋರಿಸಲು ಹೋಗಬೇಡಿ. ಹೊಸ ಪ್ರವೇಶಕ್ಕೆ ತೆರೆದಿರುವ ಹಂತ ಒಂದು, ಬೇರೆ ಕಡೆ ಕಲಿತು ಬರುವವರು ಸೇರಬಹುದಾದ ನಡುವಿನ ಹಂತ ಇನ್ನೊಂದು, ಈ ಎರಡಕ್ಕೆ ಮಾತ್ರ ಸಮಯ ಕೊಡಿ.

ಈ ಭಾಗದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ವಾರ್ಷಿಕೋತ್ಸವದ ಹಳೆಯ ವಿಡಿಯೊದಿಂದ ವೇಷಭೂಷಣ ತೊಟ್ಟ ಮಕ್ಕಳ ತುಣುಕನ್ನು ತೆಗೆದು ಪ್ರಾರಂಭಿಕ ತರಗತಿ ಎಂದು ಹಾಕುವುದು. ಅದನ್ನು ನೋಡಿ ಬಂದ ಪೋಷಕರು ಮೂರು ತಿಂಗಳಾದರೂ ಮಗು ಇನ್ನೂ ತಟ್ಟಡವಿನಲ್ಲೇ ಇದೆ, ವೇದಿಕೆ ಯಾವಾಗ ಎಂದು ಕೇಳುತ್ತಾರೆ, ಕೆಲವರು ಬಿಡಿಸಿಯೂ ಬಿಡುತ್ತಾರೆ. ಪ್ರಾರಂಭಿಕ ತರಗತಿಯನ್ನು ಅಭ್ಯಾಸದ ಸೀರೆ ಅಥವಾ ಚೂಡಿದಾರದಲ್ಲೇ, ದಿನನಿತ್ಯದ ಕೋಣೆಯಲ್ಲೇ ತೋರಿಸಿ.

3. ಸಮಯವನ್ನು ಮಾತಿನಲ್ಲಿ ಅರ್ಧ, ಅಕ್ಷರದಲ್ಲಿ ಅರ್ಧ ಹಂಚಿ

ನಮ್ಮ ಮಾದರಿ ಶಾಲೆಯಲ್ಲಿ ಎಂಟು ತಂಡಗಳಿವೆ ಎಂದುಕೊಳ್ಳೋಣ. ಎಂಟೂ ತಂಡಗಳ ದಿನ, ಗಂಟೆಗಳನ್ನು ಒಂದು ಚೌಕಟ್ಟಿನಲ್ಲಿ ತುಂಬಿದರೆ ಫೋನಿನಲ್ಲಿ ಅದನ್ನು ಓದಲು ಯಾರಿಂದಲೂ ಆಗುವುದಿಲ್ಲ. ಹೊಸಬರಿಗೆ ತೆರೆದಿರುವ ಎರಡು ತಂಡಗಳ ಸಮಯ ಮಾತ್ರ ರೀಲಿನಲ್ಲಿರಲಿ. ಉಳಿದದ್ದು ರೀಲಿನ ಕೆಳಗಿನ ಬರಹದಲ್ಲಿ ಇರಲಿ. ದಿನಗಳನ್ನು ಧ್ವನಿಯಲ್ಲಿ ಹೇಳಿ, ಗಂಟೆಗಳನ್ನು ಪರದೆಯಲ್ಲಿ ಬರೆಯಿರಿ. ಧ್ವನಿ ಮುಚ್ಚಿ ನೋಡುವವರಿಗಾಗಿ ದಿನಗಳ ಹೆಸರು ಪರದೆಯಲ್ಲೂ ಬರಲಿ. ಆದರೆ ಗಂಟೆಗಳನ್ನು ಧ್ವನಿಯಲ್ಲಿ ಹೇಳಿಸದಿರುವುದು ಒಳ್ಳೆಯದು, ಏಕೆಂದರೆ ಮುಂದೆ ಸಮಯ ಬದಲಾದರೆ ಪರದೆಯ ಬರಹವನ್ನು ತಿದ್ದಿ ಮತ್ತೆ ಹಾಕಬಹುದು, ಧ್ವನಿಯನ್ನು ಹೊಸದಾಗಿ ದಾಖಲಿಸುವ ಕೆಲಸ ತಪ್ಪುತ್ತದೆ. "5.00" ಎಂದಷ್ಟೇ ಬರೆಯದೆ "ಸಂಜೆ 5ರಿಂದ 6" ಎಂದು ಬರೆಯಿರಿ, ಭಾನುವಾರದ ತರಗತಿ ಬೆಳಿಗ್ಗೆಯೋ ಸಂಜೆಯೋ ಎಂದು ಕೇಳುವ ಕರೆಗಳು ಅಲ್ಲಿಗೇ ನಿಲ್ಲುತ್ತವೆ.

ಕನ್ನಡ ಬರಹದ ವಿಷಯದಲ್ಲಿ ಎರಡು ಎಚ್ಚರಿಕೆಗಳು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ವೇಳಾಪಟ್ಟಿಯನ್ನು ನಕಲಿಸಿ ಫೋನಿನ ಎಡಿಟಿಂಗ್ ಆ್ಯಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಫೋನಿನ ಕನ್ನಡ ಕೀಲಿಮಣೆಯಲ್ಲೇ ಹೊಸದಾಗಿ ಟೈಪ್ ಮಾಡಿ. ಎರಡನೆಯದು ಒತ್ತಕ್ಷರ. ಸಾಲುಗಳ ನಡುವೆ ಅಂತರ ಕಡಿಮೆಯಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, "ನೃತ್ಯ" ಎಂಬ ಪದವೇ ಓದಲು ಬಾರದಂತಾಗುತ್ತದೆ. ಒಂದು ಚೌಕಟ್ಟಿನಲ್ಲಿ ಎರಡು ಸಾಲುಗಳಿಗಿಂತ ಹೆಚ್ಚು ಬೇಡ.

ಬರಹವನ್ನು ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ರೀಲಿನ ಕೆಳಭಾಗದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಖಾತೆಯ ಹೆಸರು ಮತ್ತು ವಿವರಣೆ ಮುಚ್ಚಬಹುದು, ಬಲ ಅಂಚಿನಲ್ಲಿ ಮೆಚ್ಚುಗೆ ಮತ್ತು ಹಂಚಿಕೆಯ ಗುರುತುಗಳು ಕೂರುತ್ತವೆ. ದಿನ, ಗಂಟೆ, ಫೋನ್ ಸಂಖ್ಯೆಗಳು ಚೌಕಟ್ಟಿನ ಮಧ್ಯದಿಂದ ಸ್ವಲ್ಪ ಮೇಲಕ್ಕೆ ಇದ್ದರೆ ಸುರಕ್ಷಿತ.

4. ಪ್ರದರ್ಶನದ ತುಣುಕನ್ನು ತಾಳದ ಲೆಕ್ಕದಲ್ಲಿ ಕತ್ತರಿಸಿ

ರೀಲಿನ ಜೀವ ಇರುವುದು ಇಲ್ಲಿ, ಹೆಚ್ಚಿನ ರೀಲ್‌ಗಳು ಕೆಡುವುದೂ ಇಲ್ಲೇ. ಮೊದಲ ನಿರ್ಧಾರ, ಯಾರನ್ನು ತೋರಿಸುವುದು? ರಂಗಪ್ರವೇಶ ಮುಗಿಸಿದ ಹಿರಿಯ ವಿದ್ಯಾರ್ಥಿನಿಯನ್ನು ತೋರಿಸುವ ಆಸೆ ಸಹಜವೇ. ಆದರೆ ಹೊಸದಾಗಿ ಸೇರಿಸುವವರಿಗೆ ನಾಲ್ಕನೇ ವರ್ಷದ ಮಕ್ಕಳನ್ನು ತೋರಿಸುವುದೇ ಪ್ರಾಮಾಣಿಕ ಎಂದು ನಾನು ಬಲವಾಗಿ ನಂಬುತ್ತೇನೆ, ಏಕೆಂದರೆ ಪೋಷಕರು ತಮ್ಮ ಮಗುವನ್ನು ಅಲ್ಲಿ ಕಲ್ಪಿಸಿಕೊಳ್ಳಬಲ್ಲರು. ತುಣುಕಿನ ಮೇಲೆ "ಕಲಿಕೆಯ 4ನೇ ವರ್ಷ" ಎಂದು ಬರೆಯಿರಿ. ಸಂಗೀತ ಮತ್ತು ನೃತ್ಯ ಎರಡಕ್ಕೂ ಬೇರೆ ಬೇರೆ ತುಣುಕು ಹಾಕುವಷ್ಟು ಸಮಯವಿಲ್ಲ. ಆದ್ದರಿಂದ ಸಂಗೀತದ ವಿದ್ಯಾರ್ಥಿಗಳು ಪಕ್ಕದಲ್ಲಿ ಕುಳಿತು ಜತಿಸ್ವರ ಹಾಡಲಿ, ನೃತ್ಯದ ವಿದ್ಯಾರ್ಥಿನಿಯರು ಅದಕ್ಕೆ ನರ್ತಿಸಲಿ. ಜತಿಸ್ವರದಲ್ಲಿ ಸಾಹಿತ್ಯವಿಲ್ಲ, ಸ್ವರಗಳಷ್ಟೇ ಇರುತ್ತವೆ, ಹಾಗಾಗಿ ಸಾಹಿತ್ಯದ ಅರ್ಥ ಅರ್ಧಕ್ಕೆ ತುಂಡಾಗುವ ಭಯವೂ ಇಲ್ಲ.

ಎರಡನೆಯದು ಎಷ್ಟು ಉದ್ದ ಎಂಬುದು. ಆದಿತಾಳದ ಒಂದು ಆವರ್ತನಕ್ಕೆ ಎಂಟು ಅಕ್ಷರ. ನಿಮಿಷಕ್ಕೆ 80 ಅಕ್ಷರಗಳ ವೇಗದಲ್ಲಿ ಹಾಡಿದರೆ ಒಂದು ಆವರ್ತನ 6 ಸೆಕೆಂಡ್, ಎರಡು ಆವರ್ತನ 12 ಸೆಕೆಂಡ್. ಅದೇ 60ರ ವೇಗವಾದರೆ ಒಂದು ಆವರ್ತನಕ್ಕೇ 8 ಸೆಕೆಂಡ್ ಹಿಡಿಯುತ್ತದೆ. ಹೀಗೆ ಮೊದಲೇ ಲೆಕ್ಕ ಹಾಕಿ, ಸಮದಿಂದ, ಅಂದರೆ ತಾಳದ ಮೊದಲ ಪೆಟ್ಟಿನಿಂದ, ಆರಂಭಿಸಿ ಪೂರ್ಣ ಆವರ್ತನಗಳಲ್ಲೇ ಮುಗಿಸಬೇಕು. ಜತಿಯ ಕೊನೆಯಲ್ಲಿ ಬರುವ ತೀರ್ಮಾನ, ಅಂದರೆ ಸಾಮಾನ್ಯವಾಗಿ ಮೂರು ಸಲ ಮರಳುವ ಮುಕ್ತಾಯದ ಗುಚ್ಛ, ಎರಡನೇ ಸಲಕ್ಕೇ ಕತ್ತರಿಸಲ್ಪಟ್ಟರೆ ಕಲೆ ಬಲ್ಲವರಿಗೆ ಮೆಟ್ಟಿಲು ತಪ್ಪಿದಂತೆ ಅನ್ನಿಸುತ್ತದೆ. ಬಲ್ಲವರಲ್ಲದವರಿಗೂ ಏನೋ ಅರ್ಧಕ್ಕೆ ನಿಂತಿತು ಎಂದು ತಿಳಿಯುತ್ತದೆ. ಕೊನೆಯ ಪೆಟ್ಟಿನ ನಂತರ ಭಂಗಿಯನ್ನು ಎರಡು ಸೆಕೆಂಡ್ ಹಿಡಿದು ನಿಲ್ಲಲು ಮಕ್ಕಳಿಗೆ ಮೊದಲೇ ಹೇಳಿರಿ. ಚಿತ್ರೀಕರಣ ಮುಗಿಯಿತೆಂದು ತಕ್ಷಣ ಕೈ ಇಳಿಸಿ ನಗುವ ಮಕ್ಕಳಿಂದಾಗಿ ಒಳ್ಳೆಯ ತುಣುಕುಗಳು ಹಾಳಾಗುತ್ತವೆ. ತುಣುಕು ಸರಿಯಾಗಿ ಕೂತಿದೆಯೇ ಎಂದು ನೋಡಲು ಸುಲಭವಾದ ದಾರಿಯಿದೆ: ಪರದೆ ನೋಡದೆ, ಧ್ವನಿಯನ್ನು ಮಾತ್ರ ಕೇಳುತ್ತ ಕೈಯಲ್ಲಿ ತಾಳ ಹಾಕಿ. ಕೈ ಮತ್ತು ತುಣುಕು ಒಟ್ಟಿಗೆ ಮುಗಿಯಬೇಕು.

ಚೌಕಟ್ಟಿನ ಬಗ್ಗೆಯೂ ಸ್ಕ್ರಿಪ್ಟಿನಲ್ಲೇ ಬರೆದಿಡಿ. ನಾಟ್ಯಾರಂಭದಲ್ಲಿ ಎರಡೂ ಕೈಗಳು ಪಕ್ಕಕ್ಕೆ ಚಾಚಿಕೊಂಡಿರುತ್ತವೆ, ರೀಲಿನ ಚೌಕಟ್ಟು 9:16ರ ಕಿರಿದಾದ ಉದ್ದನೆಯದು. ಕೈ ತುದಿಗಳು ಒಳಗೆ ಇರಬೇಕೆಂದರೆ ಒಬ್ಬ ನರ್ತಕಿ ಚೌಕಟ್ಟಿನ ಎತ್ತರದ ಅರ್ಧದಷ್ಟನ್ನೇ ತುಂಬುತ್ತಾಳೆ. ಇದು ದೋಷವಲ್ಲ, ಮೇಲೆ ಬರಹಕ್ಕೆ, ಕೆಳಗೆ ಖಾತೆಯ ಹೆಸರಿಗೆ ಜಾಗ ತಾನಾಗಿಯೇ ಸಿಗುತ್ತದೆ. ಪಾದಗಳು ಮಾತ್ರ ಆ ಕೆಳಗಿನ ಮೂರನೇ ಒಂದು ಪಾಲಿನೊಳಗೆ ಇಳಿಯಬಾರದು, ಏಕೆಂದರೆ ಭರತನಾಟ್ಯದಲ್ಲಿ ಕಾಲು ಕಾಣದಿದ್ದರೆ ಅಡವೇ ಕಾಣುವುದಿಲ್ಲ. ಇಬ್ಬರು ನರ್ತಿಸುವುದಾದರೆ ಪಕ್ಕಪಕ್ಕದಲ್ಲಿ ನಿಲ್ಲಿಸದೆ ಒಬ್ಬರನ್ನು ಮುಂದೆ, ಇನ್ನೊಬ್ಬರನ್ನು ಓರೆಯಾಗಿ ಹಿಂದೆ ನಿಲ್ಲಿಸಿ. ಹಾಡುವವರು ಮೊದಲ ನಾಲ್ಕು ಅಕ್ಷರಗಳಷ್ಟು ಹೊತ್ತು ಕಂಡರೆ ಸಾಕು, ಆಮೇಲೆ ಅವರ ಧ್ವನಿ ನೃತ್ಯದ ಜೊತೆ ಸಾಗಲಿ.

ಧ್ವನಿಯಲ್ಲಿ ನಟ್ಟುವಾಂಗದ ತಾಳವೇ ದೊಡ್ಡ ಸಮಸ್ಯೆ. ಲೋಹದ ತಾಳದ ಪೆಟ್ಟು ಫೋನಿಗೆ ಹತ್ತಿರವಿದ್ದರೆ ಒಡೆದ ಸದ್ದಾಗಿ ದಾಖಲಾಗಿ ಹಾಡನ್ನು ನುಂಗುತ್ತದೆ. ನಟ್ಟುವಾಂಗ ಮಾಡುವವರು ಕ್ಯಾಮೆರಾದಿಂದ ದೂರವಿರಲಿ, ಹಾಡುವವರ ಮುಂದೆ ಇನ್ನೊಂದು ಫೋನಿಟ್ಟು ಧ್ವನಿಯನ್ನು ಪ್ರತ್ಯೇಕವಾಗಿ ದಾಖಲಿಸಿ.

5. ಸಂಗೀತದ ಹಕ್ಕು

ನಿಮ್ಮ ಮಕ್ಕಳೇ ಹಾಡಿದ್ದನ್ನು ಬಳಸಿ ಎಂದು ಹೇಳಲು ಇದೂ ಒಂದು ಕಾರಣ. ಪುರಂದರದಾಸರ ಅಥವಾ ತ್ಯಾಗರಾಜರ ರಚನೆಗೆ ಈಗ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಕಲಾವಿದರೊಬ್ಬರು ಹಾಡಿದ ಧ್ವನಿಮುದ್ರಿಕೆಗೆ ಪ್ರತ್ಯೇಕ ಹಕ್ಕಿರುತ್ತದೆ, ಅದನ್ನು ಹಿನ್ನೆಲೆಗೆ ಹಾಕಿದರೆ ರೀಲಿನ ಧ್ವನಿಯನ್ನೇ ತೆಗೆದುಹಾಕುವ ಸಾಧ್ಯತೆಯಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ರಚನೆಯ ಹಕ್ಕು ರಚನಕಾರರು ತೀರಿಕೊಂಡ ನಂತರ 60 ವರ್ಷ ಉಳಿಯುತ್ತದೆ. ಹಾಗಾಗಿ ನೃತ್ಯ ಶಾಲೆಗಳಲ್ಲಿ ಬಹಳ ಬಳಕೆಯಲ್ಲಿರುವ, 2013ರಲ್ಲಿ ನಿಧನರಾದ ಲಾಲ್ಗುಡಿ ಜಯರಾಮನ್ ಅವರಂಥವರ ತಿಲ್ಲಾನಗಳು ಇನ್ನೂ ಹಕ್ಕಿನೊಳಗೇ ಇವೆ. ಜಾಹೀರಾತಿಗೆ ಹಳೆಯ ಸಾಂಪ್ರದಾಯಿಕ ರಚನೆಯನ್ನೇ ಆರಿಸುವುದು ಕ್ಷೇಮ.

6. ಮಾತುಗಳನ್ನು ಅಕ್ಷರ ಎಣಿಸಿ ಬರೆಯಿರಿ

ಸೆಕೆಂಡಿಗೆ ಇಷ್ಟು ಪದ ಎಂಬ ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ, ನಮ್ಮ ಒಂದೇ ಪದದಲ್ಲಿ ವಿಭಕ್ತಿ, ಕ್ರಿಯೆ ಎಲ್ಲ ಕೂಡಿ ಉದ್ದವಾಗಿರುತ್ತದೆ. ಸ್ಪಷ್ಟವಾಗಿ, ಆತುರವಿಲ್ಲದೆ ಓದಲು ಸೆಕೆಂಡಿಗೆ ಆರು ಅಕ್ಷರ ಎಂದಿಟ್ಟುಕೊಳ್ಳಿ. "ಈ ವಿಜಯದಶಮಿಗೆ ಸಂಗೀತ, ಭರತನಾಟ್ಯದ ಹೊಸ ತರಗತಿಗಳು ಆರಂಭ" ಎಂಬಲ್ಲಿ 28 ಅಕ್ಷರಗಳಿವೆ, ಅಂದರೆ ಐದು ಸೆಕೆಂಡಿಗೆ ಸ್ವಲ್ಪ ಕಡಿಮೆ. ಅದಕ್ಕೆ ಮೂರು ಸೆಕೆಂಡಿನ ದೃಶ್ಯ ಬರೆದರೆ ಓದುವವರು ಓಡಬೇಕಾಗುತ್ತದೆ. ಈ ಲೆಕ್ಕದಲ್ಲಿ ನಮ್ಮ ಮಾದರಿ ಶಾಲೆಯ ಸ್ಕ್ರಿಪ್ಟ್ ಹೀಗೆ ಬರುತ್ತದೆ.

ದೃಶ್ಯ 1, 5 ಸೆಕೆಂಡ್. ಚಿತ್ರ: ಗೆಜ್ಜೆ ಕಟ್ಟಿದ ಪಾದಗಳು ನೆಲಕ್ಕೆ ತಟ್ಟುತ್ತವೆ; ತೊಡೆಯ ಮೇಲೆ ತಾಳ ಹಾಕುವ ಕೈ. ಧ್ವನಿ: "ಈ ವಿಜಯದಶಮಿಗೆ ಸಂಗೀತ, ಭರತನಾಟ್ಯದ ಹೊಸ ತರಗತಿಗಳು ಆರಂಭ." ಬರಹ: ಶಾಲೆಯ ಹೆಸರು, ಬಡಾವಣೆಯ ಹೆಸರು.

ದೃಶ್ಯ 2, 9 ಸೆಕೆಂಡ್. ಚಿತ್ರ: ಗುರು ಮಗುವಿನ ಬೆರಳು ಹಿಡಿದು ಎಣಿಕೆ ಹೇಳಿಕೊಡುತ್ತಾರೆ, ನಂತರ ಅರೆಮಂಡಿಯಲ್ಲಿ ಮೂವರು ಮಕ್ಕಳು. ಧ್ವನಿ: "ಆರು ವರ್ಷ ತುಂಬಿದ ಮಕ್ಕಳು ಪ್ರಾರಂಭಿಕ ತರಗತಿಗೆ ಬರಬಹುದು. ಮೊದಲ ವರ್ಷ ಸರಳೆ, ಜಂಟಿ, ಅಲಂಕಾರ, ನೃತ್ಯದಲ್ಲಿ ಅಡವು." ಬರಹ: "ಪ್ರಾರಂಭಿಕ: 6 ವರ್ಷ ಮೇಲ್ಪಟ್ಟು".

ದೃಶ್ಯ 3, 7 ಸೆಕೆಂಡ್. ಚಿತ್ರ: ಹನ್ನೆರಡರ ಆಸುಪಾಸಿನ ವಿದ್ಯಾರ್ಥಿನಿ ಹಾಡುತ್ತಾಳೆ, ಗುರು ತಾಳ ಹಾಕುತ್ತ ಕೇಳುತ್ತಾರೆ. ಧ್ವನಿ: "ಬೇರೆಡೆ ಕಲಿತು ಬಂದವರ ಪಾಠವನ್ನು ಒಮ್ಮೆ ನೋಡಿ, ಹಂತವನ್ನು ಗುರುಗಳು ನಿರ್ಧರಿಸುತ್ತಾರೆ." ಬರಹ: "ಜೂನಿಯರ್, ಸೀನಿಯರ್ ಪರೀಕ್ಷಾ ತರಗತಿಗಳು".

ದೃಶ್ಯ 4, 8 ಸೆಕೆಂಡ್. ಚಿತ್ರ: ತರಗತಿಯ ಬಾಗಿಲು, ಒಳಗೆ ಬಂದು ಚಾಪೆಯ ಮೇಲೆ ಕೂರುವ ಮಕ್ಕಳು, ಹಿನ್ನೆಲೆ ಸರಳವಾಗಿರಲಿ. ಧ್ವನಿ: "ಹೊಸ ಮಕ್ಕಳಿಗೆ ಸಂಗೀತ ಮಂಗಳವಾರ, ಗುರುವಾರ, ನೃತ್ಯ ಶನಿವಾರ, ಭಾನುವಾರ." ಬರಹ, ಮೊದಲ ನಾಲ್ಕು ಸೆಕೆಂಡ್: "ಸಂಗೀತ: ಮಂಗಳ, ಗುರು / ಸಂಜೆ 5ರಿಂದ 6". ಮುಂದಿನ ನಾಲ್ಕು ಸೆಕೆಂಡ್: "ನೃತ್ಯ: ಶನಿ, ಭಾನು / ಬೆಳಿಗ್ಗೆ 9ರಿಂದ 10".

ದೃಶ್ಯ 5, 14 ಸೆಕೆಂಡ್. ಚಿತ್ರ: ಹಾಡುವ ಮಕ್ಕಳು, ನಂತರ ಜತಿಸ್ವರಕ್ಕೆ ನರ್ತಿಸುವ ಇಬ್ಬರು; ಎರಡು ಆವರ್ತನ, ಕೊನೆಗೆ ಎರಡು ಸೆಕೆಂಡ್ ಭಂಗಿ. ಧ್ವನಿ: ಮಾತಿಲ್ಲ, ಹಾಡು ಮತ್ತು ಗೆಜ್ಜೆ ಮಾತ್ರ. ಬರಹ: "ನಮ್ಮ ವಿದ್ಯಾರ್ಥಿಗಳು, ಕಲಿಕೆಯ 4ನೇ ವರ್ಷ".

ದೃಶ್ಯ 6, 6 ಸೆಕೆಂಡ್. ಚಿತ್ರ: ಶಾಲೆಯ ಮುಂಬಾಗಿಲು. ಧ್ವನಿ: "ನೋಂದಣಿಗೆ ಈ ಸಂಖ್ಯೆಗೆ ವಾಟ್ಸ್ಆ್ಯಪ್ ಮಾಡಿ; ಮೊದಲು ಬಂದು ಒಂದು ತರಗತಿ ನೋಡಿ." ಬರಹ: ಫೋನ್ ಸಂಖ್ಯೆ, ನೋಂದಣಿಯ ಕೊನೆಯ ದಿನಾಂಕ.

ಐದನೇ ದೃಶ್ಯದಲ್ಲಿ ಮಾತು ಬೇಡವೆಂದದ್ದನ್ನು ದಯವಿಟ್ಟು ಪಾಲಿಸಿ. ಹಾಡಿನ ಮೇಲೆ ವಿವರಣೆ ಓದಿಸಿದರೆ ಎರಡೂ ಕೇಳುವುದಿಲ್ಲ. ಉಳಿದ ದೃಶ್ಯಗಳ ಮಾತಿನ ಕೆಳಗೆ ತಂಬೂರಿಯ ಶ್ರುತಿಯೊಂದೇ ಮೆಲ್ಲಗೆ ಇರಲಿ, ಅದು ಐದನೇ ದೃಶ್ಯದ ಹಾಡಿನ ಶ್ರುತಿಯೇ ಆಗಿರಲಿ. ಮಕ್ಕಳು ಐದು ಮನೆ ಶ್ರುತಿಯಲ್ಲಿ ಹಾಡಿ, ಹಿಂದಿನ ದೃಶ್ಯದ ತಂಬೂರಿ ನಾಲ್ಕೂವರೆ ಮನೆಯದ್ದಾದರೆ, ದೃಶ್ಯ ಬದಲಾಗುವ ಜಾಗದಲ್ಲಿ ಹಾಡೇ ಅಪಶ್ರುತಿಯಂತೆ ಕೇಳುತ್ತದೆ.

7. ಚಿತ್ರೀಕರಣದ ದಿನ ಮತ್ತು ಪ್ರಕಟಣೆಗೆ ಮೊದಲು

ಚಿತ್ರೀಕರಣವನ್ನು ತರಗತಿ ನಡೆಯುವ ಹೊತ್ತಿನಲ್ಲೇ ಇಟ್ಟುಕೊಳ್ಳಿ, ಬೇರೆ ದಿನ ಕರೆಸಿದರೆ ಚಿಕ್ಕ ಮಕ್ಕಳು ಗಾಬರಿಗೊಳ್ಳುತ್ತಾರೆ. ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಮೊದಲು ಹತ್ತು ಸೆಕೆಂಡ್ ತೆಗೆದು ನೋಡಿ. ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿಯುತ್ತಿದ್ದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿಗೂ ಕ್ಯಾಮೆರಾದ ಶಟರ್ ವೇಗಕ್ಕೂ ಹೊಂದಿಕೆಯಾಗಿಲ್ಲ ಎಂದರ್ಥ. ಫೋನಿನ ಪ್ರೊ ಮೋಡ್‌ನಲ್ಲಿ ಶಟರನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ಅದು ಹೋಗುತ್ತದೆ. ಆಗದಿದ್ದರೆ ಕಿಟಕಿಯ ಹಗಲು ಬೆಳಕಿನಲ್ಲಿ ತೆಗೆಯಿರಿ.

ಜೋಡಣೆ ಮುಗಿದ ಮೇಲೆ ಮೂರು ಬಾರಿ ನೋಡಿ. ಮೊದಲ ಸಲ ಧ್ವನಿ ಮುಚ್ಚಿ: ದಿನ, ಗಂಟೆ, ವಯಸ್ಸು, ಸಂಖ್ಯೆ ತಿಳಿಯಿತೇ? ಎರಡನೇ ಸಲ ಪರದೆ ನೋಡದೆ, ತಾಳ ಹಾಕುತ್ತ. ಮೂರನೇ ಸಲ ಸಂಗೀತದ ಗಂಧವೇ ಇಲ್ಲದ ಪೋಷಕರೊಬ್ಬರಿಗೆ ತೋರಿಸಿ, ನಿಮ್ಮ ಏಳು ವರ್ಷದ ಮಗು ಯಾವ ದಿನ ಬರಬೇಕು ಎಂದು ಕೇಳಿ. ಅವರು ತಡವರಿಸಿದರೆ ನಾಲ್ಕನೇ ದೃಶ್ಯವನ್ನು ತಿದ್ದಬೇಕು, ಅಗತ್ಯವಿದ್ದರೆ ಎರಡು ಸೆಕೆಂಡ್ ಹೆಚ್ಚಿಸಬೇಕು.

ರೀಲಿನ ಕೆಳಗಿನ ಬರಹದಲ್ಲಿ ಉಳಿದ ತಂಡಗಳ ಸಮಯ, ಶುಲ್ಕ, ಪ್ರವೇಶಕ್ಕೆ ತರಬೇಕಾದ ದಾಖಲೆ ಮತ್ತು ಹತ್ತಿರದ ಬಸ್ ನಿಲ್ದಾಣವನ್ನು ಬರೆಯಿರಿ. ಶುಲ್ಕವನ್ನು ಮುಚ್ಚಿಟ್ಟು ಸಂದೇಶ ಕಳಿಸಿ ಎಂದರೆ ವಿಚಾರಣೆಗಳು ಹೆಚ್ಚುತ್ತವೆ, ಆದರೆ ಪ್ರವೇಶಗಳೂ ಅಷ್ಟೇ ಹೆಚ್ಚುತ್ತವೆ ಎಂದು ಭಾವಿಸಬೇಡಿ. ವಿಜಯದಶಮಿಗೆ ಸುಮಾರು ಮೂರು ವಾರ ಮೊದಲು ಪ್ರಕಟಿಸಿದರೆ ಮನೆಯವರು ಶಾಲೆ, ಟ್ಯೂಷನ್‌ಗಳ ವೇಳೆ ಹೊಂದಿಸಿಕೊಳ್ಳಲು ಅವಕಾಶವಿರುತ್ತದೆ. ಒಂದು ತಂಡ ತುಂಬಿದ ದಿನವೇ ಕೆಳಗಿನ ಬರಹದ ಮೊದಲ ಸಾಲಿನಲ್ಲಿ ಅದನ್ನು ತಿಳಿಸಿ, ಕಾಯುವ ಪಟ್ಟಿಗೆ ಹೆಸರು ಕೊಡುವ ಕ್ರಮವನ್ನೂ ಅಲ್ಲೇ ಬರೆಯಿರಿ.